ಒಂಬತ್ತು ಸೀಟಿಗೆ ಒಬ್ಬನದೇ ಟವೆಲ್

ಹಬ್ಬದ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಈ ದೃಶ್ಯ ಗೊತ್ತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಕರ್ಚೀಫು, ಚೀಲ, ಕೆಲವೊಮ್ಮೆ ಚಪ್ಪಲಿ ಕೂಡ ಒಳಗೆ ಬೀಳುತ್ತವೆ. ಬಾಗಿಲಿನಿಂದ ಕಷ್ಟಪಟ್ಟು ಹತ್ತಿದವನು ಖಾಲಿ ಸೀಟು ನೋಡಿ ಕೂರಲು ಹೋದರೆ ಅಲ್ಲೊಂದು ಟವೆಲ್. ಅದರ ಯಜಮಾನ ಇನ್ನೂ ಕೆಳಗೆ ಟೀ ಕುಡಿಯುತ್ತಿರಬಹುದು. ಆದರೂ ನಾವು ಆ ಟವೆಲ್ಲನ್ನು ಮುಟ್ಟುವುದಿಲ್ಲ, ನಿಂತೇ ಪ್ರಯಾಣ ಮಾಡುತ್ತೇವೆ. ಈ ಮರ್ಯಾದೆಯನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ನಮ್ಮ ವರದಿಗಾರಿಕೆಯಲ್ಲೂ ಇದೇ ಟವೆಲ್ ಇದೆ, ಅದರ ಬಗ್ಗೆ ನಾವು ಮಾತಾಡುವುದೇ ಇಲ್ಲ ಅನ್ನುವುದು ನನ್ನ ದೂರು. ಒಬ್ಬನೇ ಒಂಬತ್ತು ಸೀಟಿಗೆ ಟವೆಲ್ ಹಾಕಿದ್ದ ಒಂದು ಕತೆ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಆ ಒಬ್ಬ ನಾನೇ.

ಕೆಲವು ವರ್ಷಗಳ ಹಿಂದೆ ನಾನೊಂದು ಸಣ್ಣ ವಾರಪತ್ರಿಕೆಯಲ್ಲಿದ್ದೆ. ಐದು ಜನ ವರದಿಗಾರರು, ಡೆಸ್ಕಿನಲ್ಲಿ ಒಬ್ಬ ಹಿರಿಯರು. ಯಾರು ಯಾವ ವರದಿ ಮಾಡುತ್ತಿದ್ದಾರೆ ಎಂದು ತಿಳಿಯಲಿ ಅಂತ ಎಲ್ಲರೂ ಮೊಬೈಲಿನಲ್ಲೇ ತೆರೆಯಬಹುದಾದ ಒಂದು ಶೀಟ್ ಮಾಡಿಕೊಂಡಿದ್ದೆವು. ಅದರಲ್ಲಿ ಮೂರೇ ಕಾಲಂ: ವಿಷಯ, ಯಾರು, ಸ್ಥಿತಿ. ಎಲ್ಲಿಂದಲೋ ಒಂದು ಸುಳಿವು ಬಂದರೆ ಹೊಸ ಸಾಲು ಸೇರಿಸುವುದು, ಬೇಕಾದವರು ಅದರ ಮುಂದೆ ತಮ್ಮ ಹೆಸರು ಬರೆದುಕೊಳ್ಳುವುದು. ಹೆಸರು ಬಿದ್ದ ಸಾಲನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಹಾಗಂತ ನಿಯಮವೇನೂ ಇರಲಿಲ್ಲ, ಬಸ್ಸಿನ ಟವೆಲ್ಲಿನ ಹಾಗೆ ಅದೂ ಒಂದು ಮರ್ಯಾದೆ.

ಆ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನ ಗಡಿಯ ಒಂದು ಹಳ್ಳಿಯಿಂದ ಫೋನ್ ಬಂತು. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತು ತಿಂಗಳಾಗಿತ್ತು. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನು ನೀರು ಬರುತ್ತದಲ್ಲ, ಅದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಸೀಮೆ ನಮ್ಮದು. ಆ ಘಟಕ ನಿಂತರೆ ಜನ ಒಂದೋ ಮತ್ತೆ ಬೋರ್‌ವೆಲ್ ನೀರು ಕುಡಿಯಬೇಕು, ಇಲ್ಲವೇ ಪಕ್ಕದ ಊರಿನಿಂದ ಬೈಕಿನಲ್ಲಿ ಕ್ಯಾನು ಹೊತ್ತು ತರಬೇಕು. ಫೋನ್ ಮಾಡಿದವರು ಅಲ್ಲಿನ ಒಬ್ಬ ಟೈಲರ್. 'ಬರ್ತೀನಿ ಅಣ್ಣ, ಈ ವಾರದಲ್ಲೇ ಬರ್ತೀನಿ' ಅಂದೆ. ಶೀಟಿನಲ್ಲಿ ಸಾಲು ಸೇರಿಸಿ ಅದರ ಮುಂದೆ ನನ್ನ ಹೆಸರು ಹಾಕಿದೆ. ಅದು ನನ್ನ ಹೆಸರಿನ ಒಂಬತ್ತನೇ ಸಾಲು.

ಹೋಗಿದ್ದು ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ಬೇಸಿಗೆಯ ಮುಕ್ಕಾಲು ಭಾಗ ಕಳೆದಿತ್ತು. ಇಡೀ ವರದಿಗೆ ಹಿಡಿದದ್ದು ಎರಡೇ ದಿನ. ಮೊದಲ ದಿನ ಹಳ್ಳಿ, ಎರಡನೇ ದಿನ ಪಂಚಾಯ್ತಿ ಮತ್ತು ತಾಲ್ಲೂಕು ಕೇಂದ್ರದ ಕಚೇರಿ. ಘಟಕದ ಮೋಟಾರ್ ಸುಟ್ಟಿತ್ತು. ಗುತ್ತಿಗೆದಾರರ ನಿರ್ವಹಣೆ ಅವಧಿ ಮುಗಿದಿದೆ, ರಿಪೇರಿ ಪಂಚಾಯ್ತಿಯೇ ಮಾಡಿಸಬೇಕು ಎಂದು ಒಬ್ಬರು, ಇನ್ನೂ ನಮಗೆ ಹಸ್ತಾಂತರವೇ ಆಗಿಲ್ಲ ಎಂದು ಇನ್ನೊಬ್ಬರು. ವರದಿ ಬಂದ ಮೇಲೆ ಮೋಟಾರ್ ಬದಲಾಯಿತು. ಆದರೆ ಅವತ್ತು ಅಂಗಡಿಯಲ್ಲಿ ಕೂತು ಬಟ್ಟೆ ಕತ್ತರಿಸುತ್ತಲೇ ಆ ಟೈಲರ್ ಹೇಳಿದ ಮಾತು ನನಗಿನ್ನೂ ಮರೆತಿಲ್ಲ. 'ನೀವು ಬರ್ತೀನಿ ಅಂದಿದ್ರಲ್ಲ ಸಾರ್, ಅದಕ್ಕೇ ಬೇರೆ ಯಾರಿಗೂ ಹೇಳ್ಲಿಲ್ಲ.'

ಆಫೀಸಿಗೆ ಬಂದರೆ ಅಲ್ಲಿ ಇನ್ನೊಂದು. ನಮ್ಮ ತಂಡದ ಅತಿ ಕಿರಿಯ ವರದಿಗಾರ್ತಿಯ ಅಜ್ಜಿ ಮನೆ ಆ ಹಳ್ಳಿಯಿಂದ ನಾಲ್ಕು ಕಿಲೋಮೀಟರ್. ಅವಳು ಮಾರ್ಚಿನಲ್ಲಿ ಎರಡು ಸಲ ಅಲ್ಲಿಗೆ ಹೋಗಿಬಂದಿದ್ದಳು. ಘಟಕಕ್ಕೆ ಬೀಗ ಹಾಕಿದ್ದನ್ನೂ ನೋಡಿದ್ದಳು. 'ಅದು ನಿಮ್ಮ ಹೆಸರಲ್ಲಿತ್ತಲ್ಲ ಅಣ್ಣ, ಅದಕ್ಕೇ ನಾನು ಕೈ ಹಾಕಲಿಲ್ಲ' ಅಂದಳು.

ಒಬ್ಬನೇ ಹೆಚ್ಚು ಕೆಲಸ ಒಪ್ಪಿಕೊಂಡರೆ ಅವನಿಗೆ ಸುಸ್ತಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ನಷ್ಟದಲ್ಲಿ ಸಣ್ಣ ಪಾಲು ಅದು. ದೊಡ್ಡ ನಷ್ಟ ಆ ಹೆಸರು ಬೇರೆಯವರಿಗೆ ಹಾಕುವ ಬೇಲಿಯದು. ಸಾಲು ಖಾಲಿ ಇದ್ದಿದ್ದರೆ ಆ ಹುಡುಗಿ ಮಾರ್ಚಿನಲ್ಲೇ ಆ ವರದಿ ಮಾಡುತ್ತಿದ್ದಳು. ನಾನು ಬರುತ್ತೇನೆ ಎಂದು ಹೇಳದಿದ್ದರೆ ಟೈಲರ್ ಇನ್ನೊಂದು ಪತ್ರಿಕೆಗೆ ಫೋನ್ ಮಾಡುತ್ತಿದ್ದರು. ಯಾರೂ ಮಾಡದ ಕೆಲಸಕ್ಕಿಂತ ಒಬ್ಬ ಹೆಸರು ಹಾಕಿ ಬಿಟ್ಟ ಕೆಲಸದ ಗತಿ ಕೆಟ್ಟದ್ದು. ಸಾಫ್ಟ್‌ವೇರ್ ಬರೆಯುವವರಲ್ಲಿ ಇದಕ್ಕೊಂದು ತಮಾಷೆಯ ಹೆಸರಿದೆ, ಬಿಸ್ಕತ್ತು ನೆಕ್ಕಿ ವಾಪಸ್ ತಟ್ಟೆಯಲ್ಲಿಡುವುದು ಅಂತ. ತಾನೂ ತಿನ್ನುವುದಿಲ್ಲ, ಬೇರೆಯವರೂ ತಿನ್ನುವಂತಿಲ್ಲ. ನಮ್ಮಲ್ಲಿ ಅದನ್ನು ಎಂಜಲು ಮಾಡಿಡುವುದು ಅಂದರೆ ಸಾಕು, ಬಿಡಿಸಿ ಹೇಳಬೇಕಾಗಿಲ್ಲ.

ಆ ಒಂಬತ್ತು ಸಾಲುಗಳಲ್ಲಿ ಏನಿತ್ತು ಎಂದು ಆಮೇಲೆ ಕೂತು ನೋಡಿದೆ. ನಿಜವಾಗಿ ಕೆಲಸ ನಡೆಯುತ್ತಿದ್ದದ್ದು ಎರಡರಲ್ಲಿ. ಎರಡು ಮಾಹಿತಿ ಹಕ್ಕು ಅರ್ಜಿಯ ಉತ್ತರಕ್ಕೆ ಕಾಯುತ್ತಿದ್ದವು. ಒಂದು ಅಧಿಕಾರಿಯ ಪ್ರತಿಕ್ರಿಯೆಗೆ, ಇನ್ನೊಂದು ಫೋಟೋಗೆ ನಿಂತಿತ್ತು. ಉಳಿದ ಮೂರರಲ್ಲಿ ನನ್ನ ಹೆಸರು ಬಿಟ್ಟರೆ ಏನೂ ಇರಲಿಲ್ಲ, ನೀರಿನ ಘಟಕ ಅವುಗಳಲ್ಲಿ ಒಂದು. ಆದರೆ ಶೀಟಿನಲ್ಲಿ ಒಂಬತ್ತೂ ಒಂದೇ ಥರ ಕಾಣುತ್ತಿದ್ದವು. ಸ್ಥಿತಿಯ ಕಾಲಂನಲ್ಲಿ ಒಂಬತ್ತರ ಮುಂದೆಯೂ 'ನಡೆಯುತ್ತಿದೆ' ಎಂದೇ ಇತ್ತು.

ಸೋಮಾರಿತನದಿಂದ ಹೀಗಾಯಿತು ಎಂದು ನಾನೇ ನನಗೆ ಬೈದುಕೊಂಡರೆ ಅರ್ಧ ಸುಳ್ಳು. ಆ ಮೂರು ತಿಂಗಳು ನಾನು ಒಂದು ಭಾನುವಾರವೂ ಮನೆಯಲ್ಲಿರಲಿಲ್ಲ. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು ಕಚೇರಿ, ಸಂಜೆ ಮೂರನೆಯದಕ್ಕೆ ಫೋನ್. ಎಲ್ಲವೂ ಸ್ವಲ್ಪ ಸ್ವಲ್ಪ ಮುಂದೆ ಹೋಗುತ್ತಿದ್ದವು. ತಪ್ಪು ಇದ್ದದ್ದು ಅಲ್ಲೇ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿಮ್ಮ ಕೈಯಲ್ಲಿ ಮೂರು ವರದಿಗಳಿವೆ, ಪ್ರತಿಯೊಂದಕ್ಕೂ ನಾಲ್ಕು ದಿನದ ಕೆಲಸ ಬೇಕು. ಒಂದು ಮುಗಿಸಿ ಇನ್ನೊಂದು ಹಿಡಿದರೆ ಮೊದಲನೆಯದು 4ನೇ ದಿನ, ಎರಡನೆಯದು 8ನೇ ದಿನ, ಮೂರನೆಯದು 12ನೇ ದಿನ ಮುಗಿಯುತ್ತದೆ. ಮೂರನ್ನೂ ಒಟ್ಟಿಗೆ ಹಿಡಿದು ದಿನಕ್ಕೊಂದರಂತೆ ಸುತ್ತು ಹಾಕಿದರೆ ಮೊದಲನೆಯದು ಮುಗಿಯುವುದು 10ನೇ ದಿನ, ಎರಡನೆಯದು 11ನೇ ದಿನ, ಮೂರನೆಯದು ಮತ್ತೆ 12ನೇ ದಿನವೇ. ಮೂರನೆಯದಕ್ಕೆ ಒಂದು ದಿನವೂ ಉಳಿಯಲಿಲ್ಲ, ಮೊದಲನೆಯದು ಮಾತ್ರ ಆರು ದಿನ ತಡವಾಯಿತು. ಸರಾಸರಿ ಎಂಟು ದಿನ ಇದ್ದದ್ದು ಹನ್ನೊಂದಾಯಿತು. ಒಂದು ವಿಷಯ ಬಿಟ್ಟು ಇನ್ನೊಂದಕ್ಕೆ ಹೋದಾಗ ಹಳೆಯ ಟಿಪ್ಪಣಿ ಮತ್ತೆ ಓದುವುದು, ಯಾರು ಏನು ಹೇಳಿದ್ದರು ಎಂದು ನೆನಪಿಸಿಕೊಳ್ಳುವುದು, ಅದೇ ಊರಿಗೆ ಎರಡನೇ ಸಲ ಬಸ್ ಹತ್ತುವುದು, ಇವು ಯಾವುವೂ ಈ ಲೆಕ್ಕದಲ್ಲಿಲ್ಲ. ಅವನ್ನೂ ಸೇರಿಸಿದರೆ ಮೂರನೆಯದು 12ನೇ ದಿನಕ್ಕೂ ಮುಗಿಯುವುದಿಲ್ಲ.

ಈಗ ಇದನ್ನು ಇಡೀ ತಂಡಕ್ಕೆ ಹಿಗ್ಗಿಸಿ. ನಮ್ಮ ಶೀಟಿನಲ್ಲಿ ಆಗ ಹೆಸರು ಬಿದ್ದ ಸಾಲುಗಳು 20, ವಾರಕ್ಕೆ ನಾವು ಮುಗಿಸುತ್ತಿದ್ದ ವರದಿಗಳು ನಾಲ್ಕು. ಹಾಗಾದರೆ ಒಂದು ಸಾಲು ಹೆಸರು ಬಿದ್ದ ದಿನದಿಂದ ಪ್ರಕಟವಾಗುವವರೆಗೆ ಸರಾಸರಿ ಎಷ್ಟು ಕಾಲ ಕೂರುತ್ತದೆ? 20ನ್ನು 4ರಿಂದ ಭಾಗಿಸಿ, ಐದು ವಾರ. ಇದು ನನ್ನ ಊಹೆಯ ಲೆಕ್ಕ ಅಲ್ಲ. ಸರತಿ ಸಾಲುಗಳ ಗಣಿತದಲ್ಲಿ ಲಿಟಲ್‌ನ ನಿಯಮ ಎನ್ನುತ್ತಾರೆ, ಜಾನ್ ಲಿಟಲ್ ಎಂಬುವರು 1961ರಲ್ಲಿ ಅದನ್ನು ಸಾಧಿಸಿ ತೋರಿಸಿದರು. ಒಳಗೆ ಬರುವುದೂ ಹೊರಗೆ ಹೋಗುವುದೂ ಹೆಚ್ಚುಕಡಿಮೆ ಸಮವಾಗಿರುವ ಕಡೆಯೆಲ್ಲ ಅದು ನಿಲ್ಲುತ್ತದೆ. ಬ್ಯಾಂಕಿನ ಕ್ಯೂ ಆಗಲಿ, ಆಸ್ಪತ್ರೆಯ ವಾರ್ಡ್ ಆಗಲಿ, ನಮ್ಮ ಶೀಟ್ ಆಗಲಿ. ವಾರಕ್ಕೆ ಮುಗಿಯುವುದು ನಾಲ್ಕೇ ಆಗಿದ್ದು, ಕೈಯಲ್ಲಿರುವುದು ಹತ್ತಕ್ಕೆ ಇಳಿದರೆ, ಅದೇ ವರದಿ ಎರಡೂವರೆ ವಾರದಲ್ಲಿ ಓದುಗನಿಗೆ ಸಿಗುತ್ತದೆ. ಯಾರೂ ಹೆಚ್ಚು ಓಡಬೇಕಿಲ್ಲ.

ಈ ಭಾಗಾಕಾರದಲ್ಲಿ ಒಂದು ಎಚ್ಚರಿಕೆಯೂ ಇದೆ. ಕೈಯಲ್ಲಿರುವುದನ್ನು ಹತ್ತಕ್ಕೆ ಇಳಿಸಿದ ಕೂಡಲೇ ವಾರದ ವರದಿಗಳೂ ಎರಡಕ್ಕೆ ಇಳಿದುಬಿಟ್ಟರೆ, ಹತ್ತನ್ನು ಎರಡರಿಂದ ಭಾಗಿಸಿ, ಮತ್ತೆ ಐದೇ ವಾರ. ಹಾಗಾಗಿ ಮಿತಿ ಎಷ್ಟು ಸಣ್ಣದಾದರೆ ಅಷ್ಟು ಒಳ್ಳೆಯದು ಎನ್ನುವಂತಿಲ್ಲ. ಜನ ಕೆಲಸವಿಲ್ಲದೆ ಕೂರುವಷ್ಟು ಬಿಗಿ ಮಾಡಿದರೆ ಅದೂ ನಷ್ಟವೇ.

ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೋ ಬೆಳೆಸಿದ ಕಾನ್‌ಬಾನ್ ಪದ್ಧತಿಯ ಮೂಲದಲ್ಲೂ ಇದೇ ವಿಚಾರವಿದೆ. ಮುಂದಿನ ಹಂತದವರು ಬಳಸಿ ಖಾಲಿ ಮಾಡಿ ಕಾರ್ಡ್ ವಾಪಸ್ ಕಳಿಸುವವರೆಗೆ ಹಿಂದಿನ ಹಂತದವರು ಹೊಸದನ್ನು ಮಾಡುವಂತಿಲ್ಲ. ಕಾರ್ಡುಗಳೆಷ್ಟೋ ನಡುವೆ ನಿಂತ ಸಾಮಾನೂ ಅಷ್ಟೇ. ಆಮೇಲೆ ಸಾಫ್ಟ್‌ವೇರ್‌ನವರು ಅದನ್ನು ಗೋಡೆಯ ಮೇಲಿನ ಚೀಟಿಗಳಿಗೆ ತಂದರು. ನಮ್ಮ ಡೆಸ್ಕಿನ ಹಿರಿಯರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರ ತಂದೆ ದಾವಣಗೆರೆಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದವರು, ಮದುವೆ ಸೀಸನ್ನಿನಲ್ಲಿ ಎಲ್ಲರ ಲಗ್ನಪತ್ರಿಕೆಗೂ ಅಡ್ವಾನ್ಸ್ ತಗೊಂಡು ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದರಂತೆ. ಅದನ್ನು ನೋಡಿ ಬೆಳೆದವರಿಗೆ ಟೊಯೋಟಾ ಬೇಕಾಗಲಿಲ್ಲ.

ನೀರಿನ ಘಟಕದ ವರದಿಯ ಮರುವಾರ ಅವರು ಎಲ್ಲರನ್ನೂ ಕೂರಿಸಿ ಒಂದು ನಿಯಮ ಹಾಕಿದರು. ಒಬ್ಬರ ಹೆಸರಿನಲ್ಲಿ ಎರಡೇ ಸಾಲು. ಮೂರನೆಯದಕ್ಕೆ ಹೆಸರು ಹಾಕಬೇಕಾದರೆ ಎರಡರಲ್ಲಿ ಒಂದು ಪ್ರಕಟವಾಗಿರಬೇಕು, ಇಲ್ಲವೇ ಹೆಸರು ಅಳಿಸಿ ಬಿಟ್ಟುಕೊಟ್ಟಿರಬೇಕು.

ಎರಡೇ ಯಾಕೆ ಎಂದು ನಾವೂ ಜಗಳವಾಡಿದೆವು. ಒಂದೇ ಅಂದರೆ ನಮ್ಮ ಕೆಲಸಕ್ಕೆ ಆಗುವುದಿಲ್ಲ. ತಹಶೀಲ್ದಾರರು ಮೀಟಿಂಗಿಗೆ ಹೋದ ದಿನ, ಹಳ್ಳಿಯಲ್ಲಿ ಸಾವಾಗಿ ಯಾರೂ ಮಾತಿಗೆ ಸಿಗದ ದಿನ ಸುಮ್ಮನೆ ಕೂರಬೇಕಾಗುತ್ತದೆ. ಒಂದು ನಿಂತಾಗ ಹಿಡಿಯಲು ಇನ್ನೊಂದು ಬೇಕು. ಮೂರು ಅಂದರೆ ಮೂರನೆಯದು ಯಾವಾಗಲೂ ಬಚ್ಚಿಟ್ಟುಕೊಳ್ಳುವ ಮೂಲೆಯಾಗುತ್ತದೆ. ಕಷ್ಟದ ವರದಿ ಅಲ್ಲಿ ಹೋಗಿ ಕೂರುತ್ತದೆ, ಸುಲಭದವೆರಡು ಮುಗಿದು ಮುಗಿದು ಹೊಸವು ಬರುತ್ತಿರುತ್ತವೆ. ನಮ್ಮ ತಂಡಕ್ಕೆ ಎರಡು ಸರಿಹೋಯಿತು. ದಿನಪತ್ರಿಕೆಯ ಡೆಸ್ಕಿಗೆ, ಅಲ್ಲಿನ ಪ್ರೆಸ್‌ಮೀಟ್ ಸುದ್ದಿಗಳಿಗೆ ಇದು ಹೊಂದುವುದಿಲ್ಲ. ಅವು ಬೆಳಿಗ್ಗೆ ಹುಟ್ಟಿ ರಾತ್ರಿಯೊಳಗೆ ಮುಗಿಯುವಂಥವು.

ಮೊದಲ ವಾರ ಕಷ್ಟವಾಯಿತು. ಏಳು ಸಾಲಿನಿಂದ ಹೆಸರು ಅಳಿಸಬೇಕಾಗಿತ್ತು, ಒಂದೊಂದು ಅಳಿಸುವಾಗಲೂ ನನ್ನ ಹೊಲ ಯಾರಿಗೋ ಗುತ್ತಿಗೆಗೆ ಕೊಟ್ಟ ಹಾಗೆ ಅನ್ನಿಸುತ್ತಿತ್ತು. ಬೈಲೈನ್ ಅನ್ನುವುದು ನಮಗೆ ಸುಲಭಕ್ಕೆ ಬಿಡುವ ಆಸ್ತಿಯಲ್ಲ. ಆ ವಾರ ಪತ್ರಿಕೆಗೆ ನಾಲ್ಕರ ಬದಲು ಎರಡೇ ವರದಿ ಸಿಕ್ಕವು. ಸಂಪಾದಕರು ಮುಖ ಗಂಟಿಕ್ಕಿದರು. ಮೂರನೇ ವಾರಕ್ಕೆ ಮತ್ತೆ ನಾಲ್ಕಾಯಿತು.

ನಿಜವಾದ ತಲೆನೋವು ಕಾಯುವ ವರದಿಗಳದ್ದು. ಮಾಹಿತಿ ಹಕ್ಕು ಅರ್ಜಿ ಹಾಕಿದರೆ ಕಾಯ್ದೆಯ ಪ್ರಕಾರ ಉತ್ತರಕ್ಕೆ 30 ದಿನ. ಅದನ್ನೂ ಎರಡರ ಲೆಕ್ಕಕ್ಕೆ ಸೇರಿಸಿದರೆ ಎರಡು ಅರ್ಜಿ ಹಾಕಿದವನು ತಿಂಗಳಿಡೀ ಕೈ ಕಟ್ಟಿ ಕೂರಬೇಕು, ಆಗ ಯಾರೂ ಅರ್ಜಿಯನ್ನೇ ಹಾಕುವುದಿಲ್ಲ. ಸೇರಿಸದಿದ್ದರೆ 'ಕಾಯುತ್ತಿದೆ' ಎಂಬ ಕಾಲಂ ಮನೆಯ ಅಟ್ಟವಾಗಿಬಿಡುತ್ತದೆ, ಬೇಡದ್ದನ್ನೆಲ್ಲ ಅಲ್ಲಿಗೆ ಎಸೆಯಬಹುದು. ಕೊನೆಗೆ ಕಾಯುವುದಕ್ಕೆ ಬೇರೆಯೇ ಮಿತಿ ಇಟ್ಟೆವು, ತಲೆಗೆ ಮೂರು. ಅದರ ಜೊತೆಗೊಂದು ಷರತ್ತು. ಯಾರಿಗಾಗಿ ಕಾಯುತ್ತಿದ್ದೀರಿ, ಮುಂದೆ ಯಾವ ತಾರೀಖಿಗೆ ಏನು ಮಾಡುತ್ತೀರಿ ಎಂದು ಬರೆದಿರಬೇಕು. ತಾರೀಖು ಇಲ್ಲದ ಸಾಲು ಕಾಯುವ ಸಾಲಲ್ಲ, ಅದು ಎರಡರ ಲೆಕ್ಕಕ್ಕೇ ಬರುತ್ತದೆ.

ಆ ತಾರೀಖಿನ ಬೆಲೆ ನನಗೆ ಗೊತ್ತಾದದ್ದು ನನ್ನದೇ ಒಂದು ಅರ್ಜಿಯಿಂದ. ನನ್ನ ಒಂಬತ್ತರಲ್ಲಿ ಎರಡು ಮಾಹಿತಿ ಹಕ್ಕಿನವು ಅಂದೆನಲ್ಲ, ಅದರಲ್ಲೊಂದು ಹಾಸ್ಟೆಲ್ ಊಟದ ಖರ್ಚಿನ ಬಗ್ಗೆ. 30 ದಿನದೊಳಗೆ ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಅದನ್ನು ನಿರಾಕರಣೆ ಎಂದೇ ತಿಳಿದು, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ನಾನು ಶೀಟ್ ನೋಡಿ ಎಚ್ಚೆತ್ತದ್ದು ಎಪ್ಪತ್ತು ದಿನ ದಾಟಿದ ಮೇಲೆ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಮೇಲ್ಮನವಿ ಅಧಿಕಾರಿ ಒಪ್ಪಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ, ಆದರೆ 'ನನ್ನ ಹತ್ತಿರ ಒಂಬತ್ತು ವರದಿಗಳಿದ್ದವು ಸ್ವಾಮಿ' ಎಂದು ಯಾವ ಮುಖ ಇಟ್ಟುಕೊಂಡು ಬರೆಯಲಿ? ಹತ್ತು ರೂಪಾಯಿ ಕಟ್ಟಿ ಹೊಸ ಅರ್ಜಿ ಹಾಕಿದೆ. ಮತ್ತೆ 30 ದಿನ. ಉತ್ತರ ಬರುವಷ್ಟರಲ್ಲಿ ಪರೀಕ್ಷೆ ಮುಗಿದು, ಮಾತಾಡಿಸಬೇಕಾಗಿದ್ದ ಹುಡುಗರೆಲ್ಲ ಹಾಸ್ಟೆಲ್ ಬಿಟ್ಟು ಊರಿಗೆ ಹೋಗಿದ್ದರು.

ಮಿತಿಯ ಇನ್ನೊಂದು ಉಪಯೋಗವನ್ನು ಡೆಸ್ಕಿನವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ನನ್ನ ಒಂಬತ್ತರಲ್ಲಿ ನಾಲ್ಕು ಸಾಲು ನಾನಾಗಿ ಹಾಕಿಕೊಂಡದ್ದಲ್ಲ, ಮೇಲಿನಿಂದ ಬಂದದ್ದು. 'ಅವನಿಗೆ ಕೊಡ್ರಿ, ಮಾಡ್ತಾನೆ' ಎಂದು ಬೇಗ ಮುಗಿಸುವವನ ತಲೆಗೇ ಕಟ್ಟುವುದು ಎಲ್ಲ ಕಡೆಯೂ ಇದ್ದದ್ದೇ. ಹೊಸಬರಿಗೆ, ಅದರಲ್ಲೂ ಟ್ರೈನಿಗಳಿಗೆ, ಸಂಪಾದಕರ ಮುಂದೆ ಇಲ್ಲ ಅನ್ನುವುದು ಸಾಧ್ಯವೇ? ನಿಯಮ ಬಂದ ಮೇಲೆ ಆ ಕಿರಿಯ ಹುಡುಗಿ ಒಂದು ದಿನ ಸಂಪಾದಕರಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. 'ಮಾಡ್ತೀನಿ ಸರ್. ನನ್ನ ಹತ್ರ ಈಗ ಎರಡಿವೆ, ಯಾವುದನ್ನ ಕೆಳಗಿಡ್ಲಿ?' ಸಂಪಾದಕರು ಸ್ವಲ್ಪ ಹೊತ್ತು ಯೋಚಿಸಿ, 'ಇರಲಿ ಬಿಡಮ್ಮ, ಇದನ್ನ ಬೇರೆಯವರಿಗೆ ಕೊಡ್ತೀನಿ' ಅಂದರು. ಅವಳು ಎದುರಾಡಲಿಲ್ಲ, ಆಯ್ಕೆಯನ್ನು ಅದು ಇರಬೇಕಾದವರ ಕೈಗೆ ಕೊಟ್ಟಳು.

ಇದನ್ನು ಒಪ್ಪದ ಸ್ನೇಹಿತರಿದ್ದಾರೆ. ವರದಿಗಾರನ ಬಳಿ ಹತ್ತು ಕತೆ ಹಣ್ಣಾಗುತ್ತಿರಬೇಕು, ಯಾವುದು ಯಾವಾಗ ಕೈಗೆ ಬರುತ್ತದೋ ಯಾರಿಗೆ ಗೊತ್ತು ಎನ್ನುತ್ತಾರೆ. ಅದು ನಿಜ. ಆದರೆ ಅದು ನಿಮ್ಮ ನೋಟ್‌ಬುಕ್ಕಿನ ವಿಷಯ. ನೋಟ್‌ಬುಕ್ಕಿನಲ್ಲಿ ಐವತ್ತಿರಲಿ, ಸಂತೆಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿ ಬರೆದಿಟ್ಟುಕೊಳ್ಳಿ. ಶೀಟಿನಲ್ಲೂ ಹೆಸರಿಲ್ಲದ ಸಾಲುಗಳು ಎಷ್ಟು ಬೇಕಾದರೂ ಇರಬಹುದು, ಇರಬೇಕು ಕೂಡ. ನಾನು ಮಿತಿ ಕೇಳುತ್ತಿರುವುದು 'ಇದು ನನ್ನದು, ನೀವು ಮುಟ್ಟಬೇಡಿ' ಎಂದು ಹೇಳುವ ಹಕ್ಕಿಗೆ. ಮೂಲದವರಿಗೆ 'ಬರ್ತೀನಿ' ಎಂದು ಕೊಡುವ ಮಾತಿಗೂ ಅದೇ ಮಿತಿ ಇರಲಿ. ಟೈಲರ್ ಅಣ್ಣನಿಗೆ ಅವತ್ತು 'ಈ ತಿಂಗಳು ನನ್ನಿಂದ ಆಗಲ್ಲ, ಬೇರೆಯವರಿಗೂ ಹೇಳಿ' ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ದಿಢೀರ್ ಸುದ್ದಿ ಬಂದರೆ? ಬಸ್ ಅಪಘಾತವಾದರೆ 'ನನ್ನದು ಎರಡಾಗಿದೆ' ಎಂದು ಕೂರಲಾಗುತ್ತದೆಯೇ? ಅದಕ್ಕೆ ಇಡೀ ತಂಡಕ್ಕೆ ಒಂದೇ ಒಂದು ತುರ್ತು ಸಾಲು ಇಟ್ಟಿದ್ದೆವು. ಅದನ್ನು ಹಿಡಿದವರು ತಮ್ಮ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು. ಬಿಟ್ಟುಕೊಡುವುದು ಅಂದರೆ ಹೆಸರು ಅಳಿಸುವುದಷ್ಟೇ ಅಲ್ಲ. ಯಾರನ್ನು ಮಾತಾಡಿಸಿದೆ, ಏನು ಕೇಳುವುದು ಬಾಕಿ ಇದೆ, ಯಾವ ದಾಖಲೆ ಯಾರ ಹತ್ತಿರ ಇದೆ ಎಂದು ನಾಲ್ಕು ಸಾಲು ಬರೆದಿಡಬೇಕು. ಮೂಲದವರ ಫೋನ್ ನಂಬರನ್ನು ಮಾತ್ರ ಅವರನ್ನು ಕೇಳಿಯೇ ಕೊಡಬೇಕು. ನಮ್ಮನ್ನು ನಂಬಿ ಮಾತಾಡಿದವರು ಇಡೀ ತಂಡವನ್ನು ನಂಬಿದ್ದಾರೆ ಎಂದು ತಿಳಿಯಬಾರದು.

ಈ ನಿಯಮಕ್ಕೆ ಮೋಸ ಮಾಡುವುದು ಬಹಳ ಸುಲಭ, ನಾವೂ ಮಾಡಿದ್ದೇವೆ. ಒಬ್ಬರು 'ತಾಲ್ಲೂಕಿನ ಶಾಲೆಗಳ ಸ್ಥಿತಿ' ಎಂದು ಒಂದೇ ಸಾಲು ಹಾಕಿ ಅದರೊಳಗೆ ಆರು ವರದಿ ತುಂಬಿದರು. ಇನ್ನೊಬ್ಬರು ಶೀಟಿಗೆ ಹಾಕದೆ ಸುಮ್ಮನೆ ಮನಸ್ಸಿನಲ್ಲೇ ಹಿಡಿದುಕೊಂಡರು. ಆಮೇಲೆ ಬೇರೆಯವರು ಅದೇ ಊರಿಗೆ ಹೋದಾಗ 'ಅದು ನನ್ನ ಸ್ಟೋರಿ ಆಗಿತ್ತು' ಎಂದು ಮುನಿಸಿಕೊಂಡರು. ಹಾಗಾಗಿ ಸಾಲುಗಳನ್ನು ಎಣಿಸಿದರೆ ಸಾಲದು. ನಾವು ನಾಲ್ಕನೆಯ ಕಾಲಂ ಒಂದನ್ನು ಸೇರಿಸಿದೆವು: ಈ ಸಾಲಿನಲ್ಲಿ ಕೊನೆಗೆ ಏನಾದರೂ ನಡೆದದ್ದು ಯಾವತ್ತು? 'ಫೋನ್ ಮಾಡಿದೆ, ಎತ್ತಲಿಲ್ಲ' ಎಂಬುದೂ ನಡೆದದ್ದೇ. ಏಳು ದಿನ ಆ ತಾರೀಖು ಬದಲಾಗದಿದ್ದರೆ ಡೆಸ್ಕಿನವರು ಫೋನ್ ಮಾಡಿ ಕೇಳುತ್ತಾರೆ, ಬೈಯುವುದಿಲ್ಲ. ಹತ್ತನೇ ದಿನ ಹೆಸರು ಅಳಿಸುತ್ತಾರೆ. ಬೇಕಾದರೆ ಅದೇ ವರದಿಗಾರ ಮತ್ತೆ ಹೆಸರು ಹಾಕಿಕೊಳ್ಳಬಹುದು. ಆದರೆ ಆ ನಡುವೆ ಸಾಲು ಖಾಲಿಯಾಗಿದ್ದು ಎಲ್ಲರಿಗೂ ಕಂಡಿರುತ್ತದೆ. ಶೀಟ್ ತೆರೆದ ಕೂಡಲೇ ನಾನು ಈಗಲೂ ಮೊದಲು ನೋಡುವುದು ಈ ಕಾಲಂ. ಎರಡು ಸಾಲು ಹಿಡಿದು ಎರಡರಲ್ಲೂ ಮೂರು ವಾರ ಹಳೆಯ ತಾರೀಖಿರುವವನಿಗಿಂತ, ಮೂರು ಹಿಡಿದು ಮೂರರಲ್ಲೂ ನಿನ್ನೆಯ ತಾರೀಖಿರುವವನೇ ವಾಸಿ.

ನನ್ನ ವಾದ ಸೋಲುವ ಜಾಗವೂ ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಸಂಬಳಕ್ಕಿದ್ದವನು. ತಾಲ್ಲೂಕು ಮಟ್ಟದ ಸ್ಟ್ರಿಂಗರ್‌ಗಳಲ್ಲಿ ಎಷ್ಟೋ ಜನರಿಗೆ ದುಡ್ಡು ಸಿಗುವುದು ಪ್ರಕಟವಾದ ಸುದ್ದಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಯಾವುದು ಪ್ರಕಟವಾಗುತ್ತದೆ, ಯಾವುದು ಬಿದ್ದುಹೋಗುತ್ತದೆ ಅವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಅವರು ಹತ್ತು ಹಿಡಿದಿಟ್ಟುಕೊಳ್ಳುತ್ತಾರೆ, ನಾಲ್ಕಾದರೂ ದಾಟಲಿ ಎಂದು. ಅದು ದುರಾಸೆಯಲ್ಲ, ಮಳೆ ನಂಬದ ರೈತ ಹೊಲದಲ್ಲಿ ಅಕ್ಕಡಿ ಬೆಳೆ ಹಾಕುವ ಹಾಗೆ. ಅಂಥವರಿಗೆ ಎರಡರ ಮಿತಿ ಹಾಕಿ ದರ ಮಾತ್ರ ಹಾಗೇ ಇಟ್ಟರೆ ಅವರ ಹೊಟ್ಟೆಗೆ ಹೊಡೆದ ಹಾಗೆ. ಒಪ್ಪಿಕೊಂಡ ವರದಿಯನ್ನು ಮಾಡಿಕೊಟ್ಟ ಮೇಲೆ ಪತ್ರಿಕೆ ಹಾಕದಿದ್ದರೂ ಇಂತಿಷ್ಟು ದುಡ್ಡು ಕೊಡುತ್ತೇವೆ ಎಂದು ಮೊದಲು ಹೇಳಲಿ, ಆಮೇಲೆ ಮಿತಿಯ ಮಾತಾಡಲಿ. ಅಲ್ಲಿಯವರೆಗೆ ಸ್ಟ್ರಿಂಗರ್‌ಗಳಿಂದ ಹೆಸರು ಬಿಡಿಸುವ ನೈತಿಕ ಹಕ್ಕು ಡೆಸ್ಕಿಗೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಸಂಬಳದವರಿಗೆ ಮಾತ್ರ ಈ ನೆಪ ಇಲ್ಲ.

ಈಗ ನಾನು ಬೇರೆ ಕಡೆ ಇದ್ದೇನೆ, ಅಲ್ಲೂ ಅದೇ ಥರದ ಒಂದು ಶೀಟ್ ಇದೆ. ಇವತ್ತು ನನ್ನ ಹೆಸರಿನಲ್ಲಿ ಎರಡಿವೆ. ಒಂದು ರಾಗಿ ಖರೀದಿ ಕೇಂದ್ರದ್ದು, ನಿನ್ನೆ ಹೋಗಿ ಬಂದೆ. ಇನ್ನೊಂದರ ಕೊನೆಯ ತಾರೀಖು ಆರು ದಿನ ಹಳೆಯದು. ಆ ಕಡೆಯವನೇ ಆದ ಹೊಸ ಹುಡುಗನೊಬ್ಬ ತಂಡಕ್ಕೆ ಸೇರಿದ್ದಾನೆ, ಬೆಳಿಗ್ಗೆ ಫೋನ್ ಮಾಡಿ 'ಸರ್, ಅದನ್ನ ನೀವು ಮಾಡ್ತಿದ್ದೀರಾ?' ಎಂದು ಕೇಳಿದ. ಮಾಡ್ತಿದ್ದೀನಿ ಎಂದು ಬಾಯಿಗೆ ಬಂದಿತ್ತು. ನಾಳೆ ಸಂಜೆಯೊಳಗೆ ನಾನು ಹೋಗದಿದ್ದರೆ ನಿನ್ನ ಹೆಸರು ಹಾಕಿಕೋ ಎಂದಿದ್ದೇನೆ, ಟಿಪ್ಪಣಿಯನ್ನು ಈಗಲೇ ಕಳಿಸಿದ್ದೇನೆ.